ಸಹಾಯ ಬೇಕು: ಅಡಿಕೆ ಬೆಳೆ ವಿಮೆಯ ಚಿತ್ರ ಸ್ಲೈಡ್‌ಗಳಿಗೆ

ನಮಸ್ಕಾರ. ಉಡುಪಿ ಕಡೆಯ ಒಂದು ಸಹಕಾರಿ ಸಂಘದ ಸದಸ್ಯರಿಗಾಗಿ ಹವಾಮಾನ ಆಧಾರಿತ ಬೆಳೆ ವಿಮೆಯ ನೋಂದಣಿ ಬಗ್ಗೆ ಸ್ಲೈಡ್ ಮಾಡುತ್ತಿದ್ದೇವೆ. ಚಿತ್ರವೇ ಹೆಚ್ಚು, ಒಂದು ಸ್ಲೈಡಿಗೆ ಐದಾರು ಪದ ಮಾತ್ರ.

ದಾಖಲೆಗಳ ಸ್ಲೈಡ್ ಸುಲಭ: ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ, ಮೂರರಲ್ಲೂ ಹೆಸರಿನ ಮೇಲೆ ಕೆಂಪು ವೃತ್ತ. ಹೆಸರು ತಾಳೆಯಾಗದಿದ್ದರೆ ಹಣ ಬರುವಾಗ ತೊಂದರೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ.

ಪ್ರೀಮಿಯಂ ಸ್ಲೈಡಿನಲ್ಲಿ ಹೆಕ್ಟೇರ್ ಲೆಕ್ಕ ಬೇಡ, ಇಲ್ಲಿ ಎಲ್ಲರದ್ದೂ ಸೆಂಟ್ಸ್ ಲೆಕ್ಕ. ಹಿಂದಿನ ವರ್ಷಗಳ ದರದಲ್ಲಿ ಅಡಿಕೆಗೆ ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ, ರೈತರ ಪಾಲು ಶೇ. 5, ಅಂದರೆ 6,400. ಹಾಗಾಗಿ 50 ಸೆಂಟ್ಸ್ ತೋಟಕ್ಕೆ ಸುಮಾರು 1,295 ರೂಪಾಯಿ. ಈ ವರ್ಷದ ಅಧಿಸೂಚನೆ ನೋಡಿಯೇ ಅಂಕಿ ಹಾಕುತ್ತೇವೆ.

ಸಿಕ್ಕಿಬಿದ್ದಿರುವುದು ಪರಿಹಾರದ ಸ್ಲೈಡಿನಲ್ಲಿ. ಕೊಳೆರೋಗದಿಂದ ಉದುರಿದ ಅಡಿಕೆಯ ಚಿತ್ರ ಹಾಕಿದರೆ, ಯಾರಾದರೂ ತೋಟಕ್ಕೆ ಬಂದು ನಷ್ಟ ನೋಡುತ್ತಾರೆ ಎಂದೇ ಜನ ತಿಳಿಯುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ನಿಗದಿತ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ, ಉಷ್ಣಾಂಶ ಇತ್ಯಾದಿ. ನಿಮ್ಮ ತೋಟದಲ್ಲಿ ಜಡಿಮಳೆ ಬಂದು ಕೇಂದ್ರದಲ್ಲಿ ಕಡಿಮೆ ದಾಖಲಾದರೆ ಪರಿಹಾರವೂ ಕಡಿಮೆ. ಜಗಳ ಶುರುವಾಗುವುದೇ ಇಲ್ಲಿ!

ಇದನ್ನು ಓದಲು ಬಾರದ ಅಜ್ಜಿಗೂ ತಿಳಿಯುವಂತೆ ಒಂದೇ ಚಿತ್ರದಲ್ಲಿ ಬಿಡಿಸಿಕೊಡುವವರು ಇದ್ದೀರಾ? ಪಂಚಾಯತಿನ ಮಳೆಮಾಪಕದ ಸ್ಪಷ್ಟ ಫೋಟೋ ಇದ್ದರೆ ಅದನ್ನೂ ಕಳಿಸಿ. ಸಂಘದ ಪ್ರೊಜೆಕ್ಟರ್ ಮಸುಕು, ದಪ್ಪ ಗೆರೆ ಇರಲಿ.