ರಸ್ತೆ ಬದಿ ಮೊಬೈಲ್ ರಿಪೇರಿ ಅಂಗಡಿ: ದೂರದಿಂದ ಬೋರ್ಡ್ ಓದೋಕಾಗ್ತಿಲ್ಲ, ಹೆಸರು ಹೇಗೆ ಚಿಕ್ಕದು ಮಾಡೋದು?

ಸುಂಕದಕಟ್ಟೆ_ಹುಡುಗ
ಮಾಗಡಿ ರೋಡ್ ಕಡೆ ಅಂಗಡಿ. ಬೋರ್ಡ್ 8 ಅಡಿ ಅಗಲ, 3 ಅಡಿ ಎತ್ತರ. ಹೆಸರು ‘ಶ್ರೀ ಲಕ್ಷ್ಮೀವೆಂಕಟೇಶ್ವರ ಮೊಬೈಲ್ಸ್ ಅಂಡ್ ಸರ್ವಿಸ್’. ಪ್ರೂಫ್ ಬಂದಿದೆ, ಅಕ್ಷರ ತುಂಬಾ ಸಣ್ಣ ಕಾಣ್ತಿದೆ. ದೇವರ ಹೆಸರು ಬಿಡೋಕೆ ಅಪ್ಪ ಒಪ್ಪಲ್ಲ. ಏನು ಮಾಡಬಹುದು?

ನೋಂದಣಿ_ನಾಗ
ಟ್ರೇಡ್ ಲೈಸೆನ್ಸ್‌ನಲ್ಲಿ ಹೆಸರು ಬದಲಾಯಿಸೋಕೆ ಪಾಲಿಕೆ ಕಚೇರಿಗೆ ಅರ್ಜಿ ಕೊಡಿ. ಬಾಡಿಗೆ ಕರಾರಿನ ಪ್ರತಿ ಬೇಕಾಗುತ್ತೆ.

ಸುಂಕದಕಟ್ಟೆ_ಹುಡುಗ
ಸರ್, ಲೈಸೆನ್ಸ್ ಇನ್ನೂ ಮಾಡಿಸಿಲ್ಲ. ನನ್ನ ಪ್ರಶ್ನೆ ಬೋರ್ಡ್ ಓದೋದರ ಬಗ್ಗೆ.

ದಪ್ಪಕ್ಷರ
ಫಾಂಟ್ ಬದಲಾಯಿಸಿ ಸಾಕು. ಇರೋದರಲ್ಲಿ ಅತಿ ದಪ್ಪ ಫಾಂಟ್ ಹಾಕಿ, ಹಳದಿ ಮೇಲೆ ಕಪ್ಪು. ಹೆಸರು ಎಷ್ಟುದ್ದ ಇದ್ರೂ ಕಾಣುತ್ತೆ.

ಬೋರ್ಡ್_ಮೇಷ್ಟ್ರು
ಹಳದಿ ಮೇಲೆ ಕಪ್ಪು ಸರಿ. ದಪ್ಪ ಫಾಂಟ್ ಕನ್ನಡಕ್ಕೆ ಕೆಲಸ ಕೆಡಿಸುತ್ತೆ. ಗೆರೆ ದಪ್ಪ ಆದಷ್ಟೂ ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತೆ, ದೂರದಿಂದ ಪ ಯಾವುದು, ವ ಯಾವುದು, ಷ ಯಾವುದು ಗೊತ್ತಾಗಲ್ಲ. ಮಧ್ಯಮ ದಪ್ಪ ಸಾಕು.

ನಿಜವಾದ ತೊಂದರೆ ಒತ್ತಕ್ಷರದ್ದು. 2024ರ ತಿದ್ದುಪಡಿ ಪ್ರಕಾರ ಬೋರ್ಡಿನ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನಿಮ್ಮ 36 ಇಂಚಲ್ಲಿ ಕನ್ನಡಕ್ಕೆ ಸುಮಾರು 21 ಇಂಚು. ಅಂಚು ಬಿಟ್ಟರೆ 16. ಎರಡು ಸಾಲು ಮಾಡಿದರೆ ಸಾಲಿಗೆ 7 ಇಂಚು, ನಡುವೆ 2 ಇಂಚು ಸಂದು. ಆದರೆ ‘ಕ್ಷ್ಮೀ’ ಒಂದರಲ್ಲೇ ಕ, ಅದರ ಕೆಳಗೆ ಷ, ಅದಕ್ಕೂ ಕೆಳಗೆ ಮ. ಆ ಒತ್ತುಗಳು ಹಿಡಿಯೋಕೆ ಅಂತ ಇಡೀ ಸಾಲಿನ ಅಕ್ಷರ 4 ಇಂಚಿಗೆ ಇಳಿಯುತ್ತೆ. ಒಂದು ಇಂಚಿನ ಅಕ್ಷರಕ್ಕೆ 10 ಅಡಿ ದೂರ ಅನ್ನೋದು ಬೋರ್ಡ್ ಕೆಲಸದವರ ಅಂದಾಜು; ನಮ್ಮ ಸುರುಳಿ ಅಕ್ಷರಕ್ಕೆ ಇನ್ನೂ ಸ್ವಲ್ಪ ಕಡಿಮೆ ಅಂತಲೇ ಇಟ್ಟುಕೊಳ್ಳಿ. 4 ಇಂಚು ಅಂದ್ರೆ 40 ಅಡಿ. ಗಂಟೆಗೆ 30 ಕಿ.ಮೀ. ವೇಗದ ಬೈಕು ಅಷ್ಟು ದೂರವನ್ನ ಒಂದೂವರೆ ಸೆಕೆಂಡಲ್ಲಿ ದಾಟಿಬಿಡುತ್ತೆ.

ಹಾಗಾಗಿ ಒತ್ತಿಲ್ಲದ ಹೆಸರು ಹುಡುಕಿ. ವೆಂಕಟೇಶ್ವರನೇ ಬೇಕು ಅಂದ್ರೆ ‘ತಿರುಮಲ’ ಇದೆ: ನಾಲ್ಕೇ ಅಕ್ಷರ, ಒಂದೂ ಒತ್ತಿಲ್ಲ. ‘ಮೊಬೈಲ್ಸ್’ ಬೇಡ, ಆ ಕೊನೆಯ ಸಕಾರವೂ ಲ ಕೆಳಗೆ ಒತ್ತಾಗಿ ಕೂರುತ್ತೆ. ‘ಅಂಡ್ ಸರ್ವಿಸ್’ ಬದಲು ‘ರಿಪೇರಿ’. ಮೇಲಿನ ಸಾಲು ‘ತಿರುಮಲ’, ಕೆಳಗಿನ ಸಾಲು ‘ಮೊಬೈಲ್ ರಿಪೇರಿ’. ಈಗ ‘ಬೈ’ನ ಐತ್ವ ಬಿಟ್ಟರೆ ಕೆಳಗಿಳಿಯೋದು ಏನೂ ಇಲ್ಲ, 7 ಇಂಚೂ ಹೆಚ್ಚುಕಡಿಮೆ ಅಕ್ಷರಕ್ಕೇ ಸಿಗುತ್ತೆ, ಸುಮಾರು 70 ಅಡಿಯಿಂದ ಓದಬಹುದು.

ಸುಂಕದಕಟ್ಟೆ_ಹುಡುಗ
ತಿರುಮಲ ಅಂದ್ರೆ ಅಪ್ಪನೂ ಒಪ್ತಾರೆ. ಲಕ್ಷ್ಮಿ ಬಿಟ್ಟುಹೋಯ್ತು ಅಂದ್ರೆ ‘ಸಿರಿ’ ಅಂತ ಇಡಬಹುದಾ? ಇನ್ನೂ ಚಿಕ್ಕದು.

ಬೋರ್ಡ್_ಮೇಷ್ಟ್ರು
ಬೇರೆ ಅಂಗಡಿಗಾದ್ರೆ ಒಳ್ಳೇ ಹೆಸರು. ಮೊಬೈಲ್ ಅಂಗಡಿಗೆ ಬೇಡ, ಐಫೋನ್ ಒಳಗಿನ ಸಹಾಯಕಿಯ ಹೆಸರೂ ಅದೇ. ಕಂಪನಿಯ ಅಧಿಕೃತ ಸೆಂಟರ್ ಅಂತ ಜನ ತಪ್ಪು ತಿಳೀತಾರೆ.

ಗಿರಿನಗರ_ಅಕ್ಕ
ನಮ್ಮ ಟೈಲರಿಂಗ್ ಅಂಗಡಿಗೂ ಚಿಕ್ಕ ಹೆಸರೇ ಇದೆ, ಅಕ್ಷರವೂ ದೊಡ್ಡದು. ಆದ್ರೂ ನಮ್ಮ ಸಾಲಲ್ಲಿ ಬರೋರಿಗೆ ಕಾಣಲ್ಲ, ಎದುರು ಬದಿಯವರಿಗೆ ಮಾತ್ರ ಕಾಣುತ್ತೆ. ಯಾಕೆ?

ಬೋರ್ಡ್_ಮೇಷ್ಟ್ರು
ಒಳ್ಳೇ ಪ್ರಶ್ನೆ ಅಕ್ಕ, ಇದು ಅವರಿಗೂ ಬೇಕು. ಬೋರ್ಡ್ ಗೋಡೆಗೆ ಅಂಟಿಕೊಂಡಿದೆ, ಬೈಕು ಅದಕ್ಕೆ ಸಮಾನಾಂತರವಾಗಿ ಬರುತ್ತೆ. ಗೋಡೆಯಿಂದ 4 ಮೀಟರ್ ಆಚೆ ಬರೋ ಸವಾರನಿಗೆ 20 ಮೀಟರ್ ದೂರದಲ್ಲಿ ಬೋರ್ಡಿನ ಅಗಲ ಐದರಲ್ಲಿ ಒಂದು ಪಾಲು ಕಾಣುತ್ತೆ. ಅಕ್ಷರಗಳು ಒಂದರ ಮೇಲೊಂದು ಬಿದ್ದ ಹಾಗೆ ಆಗುತ್ತೆ. ಎದುರು ಬದಿಯವರು ಇನ್ನಷ್ಟು ಆಚೆ ಇರೋದ್ರಿಂದ ಅವರಿಗೆ ಎರಡರಷ್ಟಾದರೂ ಅಗಲ ಕಾಣುತ್ತೆ. ಸಾಲಲ್ಲಿ ಬರೋರಿಗೆ ಅಡ್ಡಕ್ಕೆ ನಿಲ್ಲೋ 2 ಅಡಿ ಚೌಕದ ಸೈಡ್ ಬೋರ್ಡೇ ಬೇಕು. ಅದರಲ್ಲಿ ಅಂಗಡಿ ಹೆಸರು ಬೇಡ, ‘ಮೊಬೈಲ್’ ಒಂದು ಸಾಲು, ‘ರಿಪೇರಿ’ ಇನ್ನೊಂದು. 4 ಇಂಚಿನ ಅಕ್ಷರ ಹಿಡಿಯುತ್ತೆ.

ನೋಂದಣಿ_ನಾಗ
ಫುಟ್‌ಪಾತ್ ಮೇಲೆ ಚಾಚಿದರೆ ಕಿತ್ತುಹಾಕ್ತಾರೆ. ಮೊದಲು ವಿಚಾರಿಸಿ.

ದಪ್ಪಕ್ಷರ
ಹಾಗಾದ್ರೆ ದೊಡ್ಡ ಬೋರ್ಡಲ್ಲೂ ‘ಮೊಬೈಲ್ ರಿಪೇರಿ’ಯೇ ದೊಡ್ಡದಿರಬೇಕು, ‘ತಿರುಮಲ’ ಚಿಕ್ಕದು. ಡಿಸ್‌ಪ್ಲೇ ಒಡೆದವನು ಹೆಸರು ಹುಡುಕಲ್ಲ.

ಬೋರ್ಡ್_ಮೇಷ್ಟ್ರು
ಹೊಸಬರಿಗೆ ನೀವು ಹೇಳೋದು ಸರಿ. ಆದರೆ ಒಬ್ಬ ಗಿರಾಕಿ ಇನ್ನೊಬ್ಬನಿಗೆ ಫೋನಲ್ಲಿ ಹೇಳೋದು ಹೆಸರನ್ನೇ, ಅವನು ಹುಡುಕೋದೂ ಅದನ್ನೇ. ಎರಡೂ ಸಮ ಇಡೋದು ನನ್ನ ಆಯ್ಕೆ.

ಹುಡುಗ, ಪ್ರೂಫ್ ನೋಡೋ ರೀತಿ ಹೇಳ್ತೀನಿ. ಹತ್ತನೇ ಒಂದು ಅಳತೆಗೆ ಪ್ರಿಂಟ್ ಹಾಕಿಸಿ. 96 ಇಂಚು 9.6 ಆಗಿ ಎ4 ಹಾಳೆಯಲ್ಲಿ ಅಡ್ಡಕ್ಕೆ ಕೂರುತ್ತೆ. ಗೋಡೆಗೆ ಅಂಟಿಸಿ 7 ಅಡಿ ದೂರ ನಿಂತು ಓದಿ, ಅದು ರಸ್ತೆಯ 70 ಅಡಿಗೆ ಸಮ. ಆಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಹೆಸರು ಗೊತ್ತಿಲ್ಲದವರ ಹತ್ತಿರ ಓದಿಸಿ, ಗೊತ್ತಿದ್ದವರ ಕಣ್ಣು ತಾನೇ ತುಂಬಿಕೊಳ್ಳುತ್ತೆ.

ಸುಂಕದಕಟ್ಟೆ_ಹುಡುಗ
ಪ್ರಿಂಟ್ ತೆಗೆದೆ. 7 ಅಡಿಯಿಂದ ಪಕ್ಕದ ಅಂಗಡಿ ಅಣ್ಣ ‘ತಿರುಮಲ’ ತಟ್ಟನೆ ಓದಿದ್ರು. ‘ಮೊಬೈಲ್’ ಮಾತ್ರ ಒಡೆದು ಬಂದಿದೆ, ಬ ಪಕ್ಕದಲ್ಲಿ ಐತ್ವದ ಗುರುತು ಬೇರೆಯಾಗಿ ನಿಂತಿದೆ.

ಬೋರ್ಡ್_ಮೇಷ್ಟ್ರು
ನೀವು ವಾಟ್ಸಾಪಲ್ಲಿ ಟೈಪ್ ಮಾಡಿ ಕಳಿಸಿದ್ದನ್ನ ಬೋರ್ಡ್ ಮಾಡೋರು ಹಳೇ ಕೋರೆಲ್‌ಡ್ರಾಗೆ ಅಂಟಿಸಿರ್ತಾರೆ. ಹಳೇ ಆವೃತ್ತಿಗಳಲ್ಲಿ ಕನ್ನಡ ಯೂನಿಕೋಡ್ ಸರಿಯಾಗಿ ಕೂಡಲ್ಲ. ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಲ್ಲಿ ಮತ್ತೆ ಟೈಪ್ ಮಾಡಿಸಿ, ಅಕ್ಷರಗಳನ್ನ ಗೆರೆಯ ಆಕಾರಕ್ಕೆ ಬದಲಿಸಿ ಕರ್ವ್ ಮಾಡಿಸಿದ ಮೇಲೆ ಇನ್ನೊಂದು ಪ್ರಿಂಟ್ ಕೇಳಿ. ಅದನ್ನ ನೋಡದೆ ಅಡ್ವಾನ್ಸ್ ಕೊಡಬೇಡಿ.