ಅಪ್‌ಡೇಟ್: 12% ಮತ್ತು 12.4%, ಎರಡರಲ್ಲಿ ಯಾವ ಸಾಲ ಅಗ್ಗ?

ನನ್ನ ಪ್ರಶ್ನೆ ಇದಾಗಿತ್ತು: ಒಬ್ಬರು 12% ಅಂತಾರೆ, ಬಡ್ಡಿ ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಇನ್ನೊಬ್ಬರು 12.4% ಅಂತಾರೆ, ವರ್ಷಕ್ಕೊಮ್ಮೆ ಸೇರುತ್ತದೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಲೆಕ್ಕ ಹಾಕಿದೆ, 12.4% ಸಾಲವನ್ನೇ ಆರಿಸಿದೆ.

12% ಅಂದರೆ ತಿಂಗಳಿಗೆ 1%. ಆದರೆ ಎರಡನೇ ತಿಂಗಳಿಂದ ಬಡ್ಡಿಯ ಮೇಲೂ ಬಡ್ಡಿ ಬೀಳುತ್ತದೆ ಅಲ್ವಾ, ಹಾಗಾಗಿ ವರ್ಷಕ್ಕೆ ನಿಜವಾಗಿ ಆಗುವ ದರ ಇದು:

```
(1 + 0.12/12)^12 - 1 = 0.1268
```

ಅಂದರೆ 12.68%. ಇನ್ನೊಂದು ಸಾಲದಲ್ಲಿ ಬಡ್ಡಿ ವರ್ಷಕ್ಕೊಮ್ಮೆ ಮಾತ್ರ ಸೇರುವುದರಿಂದ ದರ 12.4% ಆಗಿಯೇ ಉಳಿಯುತ್ತದೆ. 1,00,000 ಸಾಲಕ್ಕೆ ವರ್ಷದ ಕೊನೆಗೆ ಮೊದಲನೆಯದರಲ್ಲಿ 1,12,683 ಕಟ್ಟಬೇಕು, ಎರಡನೆಯದರಲ್ಲಿ 1,12,400.

ಒಂದು ಮಾತು, ನನ್ನದು ವರ್ಷದ ಕೊನೆಗೆ ಒಂದೇ ಸಲ ತೀರಿಸುವ ಸಾಲ, ಅದಕ್ಕೇ ಇಷ್ಟು ಸುಲಭವಾಯಿತು. ನಿಮ್ಮದು ತಿಂಗಳ ಕಂತಿನದಾದರೆ, ಕಟ್ಟಿದ ಕಂತು ಅಸಲಿನಿಂದ ಯಾವಾಗ ಕಳೆಯುತ್ತದೆ ಅಂತ ಮೊದಲು ಕೇಳಿ. ಕೆಲವು ಸಾಲಗಳಲ್ಲಿ ಕಂತು ತಿಂಗಳು ತಿಂಗಳು ಕಟ್ಟಿದರೂ ಅಸಲು ವರ್ಷದ ಕೊನೆಗೇ ಇಳಿಯುತ್ತದೆ, ಆಗ ಆಗಲೇ ವಾಪಸ್ ಕೊಟ್ಟ ಹಣಕ್ಕೂ ಬಡ್ಡಿ ಕಟ್ಟುತ್ತೀರಿ, 12.4% ಸಾಲವೇ ದುಬಾರಿ ಆಗಿಬಿಡಬಹುದು. ಪ್ರೊಸೆಸಿಂಗ್ ಶುಲ್ಕವೂ ಈ ಸೂತ್ರದಲ್ಲಿ ಸೇರಿಲ್ಲ. ನನಗೆ ಎರಡೂ ಕಡೆ ಒಂದೇ ಶುಲ್ಕ ಇತ್ತು, ಹಾಗಾಗಿ ಅದನ್ನು ಬಿಟ್ಟೆ.