ಪದ ಬೇಕು: ಫ್ಯಾಟ್ ಸಾಲ್ಯುಬಲ್ ವಿಟಮಿನ್ (ಔಷಧಿ ಅಂಗಡಿ ಬೋರ್ಡಿಗೆ, ನಾಳೆ ಬೆಳಗ್ಗೆ ಪ್ರಿಂಟ್)

ಅನುವಾದಕಿ, ಮಲ್ಲೇಶ್ವರ

ಎಲ್ಲರಿಗೂ ನಮಸ್ಕಾರ. ಇಲ್ಲೇ ಹತ್ತಿರದ ಒಂದು ಔಷಧಿ ಅಂಗಡಿಯವರು ಕೌಂಟರ್ ಮೇಲೆ ಹಾಕೋಕೆ ಕನ್ನಡ ಬೋರ್ಡ್ ಕೇಳಿದ್ದಾರೆ. ಇಂಗ್ಲಿಷಿನಲ್ಲಿ ಇರುವುದು ಎರಡೇ ಸಾಲು. ಎ, ಡಿ, ಇ, ಕೆ ಫ್ಯಾಟ್ ಸಾಲ್ಯುಬಲ್ ವಿಟಮಿನ್‌ಗಳು, ಇವನ್ನು ಫ್ಯಾಟ್ ಇರುವ ಊಟದ ಜೊತೆ ತೆಗೆದುಕೊಳ್ಳಿ, ಅಷ್ಟೇ. ನಾನು "ಕೊಬ್ಬಿನಲ್ಲಿ ಕರಗುವ ಜೀವಸತ್ವಗಳನ್ನು ಕೊಬ್ಬಿನ ಊಟದೊಂದಿಗೆ ಸೇವಿಸಿ" ಅಂತ ಬರೆದುಕೊಟ್ಟೆ. ಅಂಗಡಿ ಹುಡುಗ ಓದಿ, "ಕೊಬ್ಬಿನ ಊಟ ಅಂದ್ರೆ ಬಿರಿಯಾನಿನಾ ಮೇಡಂ?" ಅಂದ. ಅವನು ಕೇಳಿದ್ದು ಸರಿಯಾಗೇ ಇದೆ. ಚಿಕ್ಕ ಪದ ಬೇಕು, ಓದಿದವರಿಗೆ ಏನು ಮಾಡಬೇಕು ಅಂತ ಗೊತ್ತಾಗಬೇಕು. ಪ್ರಿಂಟಿನವರು ಬೆಳಗ್ಗೆ ಹತ್ತಕ್ಕೆ ಫೈಲ್ ಕೇಳಿದ್ದಾರೆ.

ಮೇಷ್ಟ್ರು, ಬಸವನಗುಡಿ

ಮೇದೋವಿಲೇಯ ಜೀವಸತ್ವ. ಒಂದೇ ಪದದಲ್ಲಿ ಮುಗಿಯಿತು. "ಕರಗುವ" ಎಂಬುದು ವಾಕ್ಯ, ಪದವಲ್ಲ.

ಅಚ್ಚಗನ್ನಡ

ಮೇಷ್ಟ್ರೇ, ಮೇದೋವಿಲೇಯ ಅಂತ ಬೋರ್ಡ್ ಹಾಕಿದರೆ ಜನ ಅದು ಯಾವುದೋ ಊರಿನ ಹೆಸರು ಅಂದುಕೊಳ್ಳುತ್ತಾರೆ. ಕೊಬ್ಬು ನಮ್ಮದೇ ಪದ. ಹಳಗನ್ನಡದಲ್ಲಿ ಕೊರ್ವು, ತಮಿಳಿನ ಕೊಳುಪ್ಪು ಅದರ ನೆಂಟ. ರ ಬಿದ್ದು ಒತ್ತು ಬಂತು, ಕರ್ಪು ಕಪ್ಪಾದ ಹಾಗೆ. ಇಷ್ಟು ಹಳೆಯ ಪದವನ್ನು ಬಿರಿಯಾನಿಗೆ ಹೆದರಿ ಬಿಡಬೇಕಾ? "ಕೊಬ್ಬುಗರಗು" ಅಂತ ಕೂಡುಪದ ಮಾಡಿ.

ಆಸ್ಪತ್ರೆ ಫಾರ್ಮಸಿಸ್ಟ್, ಜಯನಗರ

ಮೇಡಂ, ಪದಕ್ಕಿಂತ ಮೊದಲು ಆ ಸಾಲು ಹೇಳ್ತಿರೋದು ಏನು ಅಂತ ನೋಡಿ. ಕೌಂಟರಿನಲ್ಲಿ ಇದನ್ನು ಕೇಳುವವರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ವಾರಕ್ಕೊಂದು ತೆಗೆದುಕೊಳ್ಳುವ 60,000 ಯೂನಿಟ್ಟಿನ ಡಿ ಪುಡಿ ಅಥವಾ ಕ್ಯಾಪ್ಸೂಲ್. ಲೆಕ್ಕ ಹಾಕಿದರೆ ಅದರಲ್ಲಿರುವ ವಿಟಮಿನ್ ಒಂದೂವರೆ ಮಿಲಿಗ್ರಾಂ ಮಾತ್ರ. ಇಷ್ಟು ಚೂರನ್ನು ಕರಗಿಸೋಕೆ ಬಿರಿಯಾನಿ ಏನೂ ಬೇಡ.

ಹಾಗಾದರೆ ಕೊಬ್ಬು ಯಾಕೆ ಅಂದರೆ, ಕರುಳಿನ ಒಳಗಿರುವುದು ನೀರು, ಈ ವಿಟಮಿನ್ ಎಣ್ಣೆಯ ಜಾತಿ. ತಾನಾಗಿ ಬೆರೆಯಲ್ಲ. ಊಟದ ಜಿಡ್ಡು ಸಣ್ಣಕರುಳಿಗೆ ಬಂದಾಗ ಅಲ್ಲಿಂದ ಒಂದು ಹಾರ್ಮೋನ್ ಹೊರಡುತ್ತೆ, ಅದು ಪಿತ್ತಕೋಶವನ್ನು ಹಿಂಡಿಸುತ್ತೆ, ಪಿತ್ತರಸ ಸುರಿಯುತ್ತೆ. ಪಿತ್ತರಸದ ಲವಣಗಳೂ ಜೀರ್ಣವಾದ ಕೊಬ್ಬೂ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗುತ್ತವೆ. ಅವುಗಳ ಒಳಗೆ ಕೂತು ವಿಟಮಿನ್ ಕರುಳಿನ ಗೋಡೆಯವರೆಗೆ ಹೋಗುತ್ತೆ. ಅಂದರೆ ಜಿಡ್ಡಿನ ಕೆಲಸ ಬರೀ ಕರಗಿಸುವುದಲ್ಲ, ಪಿತ್ತರಸ ಕರೆಸುವ ಬೆಲ್ ಒತ್ತುವುದೂ ಅದೇ. ಬರೀ ನೀರಿನ ಜೊತೆ ನುಂಗಿದರೆ ಆ ಬೆಲ್ ಜೋರಾಗಿ ಹೊಡೆಯಲ್ಲ.

ಅನ್ನದ ಮೇಲೆ ಒಂದು ಟೀಚಮಚ ತುಪ್ಪ ಅಂದರೆ ಸುಮಾರು 5 ಗ್ರಾಂ ಕೊಬ್ಬು. 200 ಎಂಎಲ್ ಟೋನ್ಡ್ ಹಾಲಿನಲ್ಲಿ ಸುಮಾರು 6 ಗ್ರಾಂ. ಒಗ್ಗರಣೆ ಹಾಕಿದ ಪಲ್ಯ, ಒಂದು ಮೊಟ್ಟೆ, ಒಂದು ದೋಸೆ, ಯಾವುದಾದರೂ ಆಗುತ್ತೆ. ನಮ್ಮ ಮನೆಗಳ ಮಾಮೂಲಿ ಊಟದಲ್ಲಿ ಇಷ್ಟು ಇದ್ದೇ ಇರುತ್ತೆ. ಅದಕ್ಕೇ "ಕೊಬ್ಬಿನ ಊಟ" ಬೇಡ, "ಊಟದ ಜೊತೆ" ಸಾಕು ಅಂತ ನನ್ನ ಅಭಿಪ್ರಾಯ.

ಐಟಿ ಉದ್ಯೋಗಿ, ವೈಟ್‌ಫೀಲ್ಡ್

ಇದು ನನಗೆ ಚೆನ್ನಾಗಿ ಗೊತ್ತು. ಡಿ ಯಾವಾಗಲೂ ಬೆಳಗ್ಗೇನೇ ತಗೋಬೇಕು, ಬಿಸಿಲು ಬರೋ ಹೊತ್ತಿಗೆ ಮೈ ರೆಡಿ ಇರುತ್ತೆ. ತುಪ್ಪ ಜಾಸ್ತಿ ಹಾಕಿದಷ್ಟೂ ಜಾಸ್ತಿ ಹೀರಿಕೊಳ್ಳುತ್ತೆ. ಖಾಲಿ ಹೊಟ್ಟೆಯಲ್ಲಿ ತಗೊಂಡ್ರೆ ದುಡ್ಡು ದಂಡ, ಎಲ್ಲಾ ಹೊರಗೆ ಹೋಗುತ್ತೆ. ಬೋರ್ಡಿನಲ್ಲಿ "ಬೆಳಗ್ಗೆ ತುಪ್ಪದ ಜೊತೆ" ಅಂತ ಹಾಕಿಬಿಡಿ.

ಆಸ್ಪತ್ರೆ ಫಾರ್ಮಸಿಸ್ಟ್, ಜಯನಗರ

ಸರ್, ಜಿಡ್ಡು ಬೇಕು ಅನ್ನೋದು ಸರಿ. ಉಳಿದಿದ್ದು ಸರಿಯಿಲ್ಲ.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಯಸ್ಸಾದ 50 ಆರೋಗ್ಯವಂತರಿಗೆ 50,000 ಯೂನಿಟ್ ಡಿ ಒಂದು ಸಲ ಕೊಟ್ಟರು. ಕೆಲವರಿಗೆ ಕೊಬ್ಬೇ ಇಲ್ಲದ ಊಟ, ಉಳಿದವರಿಗೆ ಕ್ಯಾಲರಿಯಲ್ಲಿ ಶೇ. 30 ಕೊಬ್ಬಿರುವ ಊಟ. 12 ಗಂಟೆ ಆದಮೇಲೆ ಕೊಬ್ಬು ತಿಂದವರ ರಕ್ತದಲ್ಲಿ ಡಿ ಸುಮಾರು ಶೇ. 32ರಷ್ಟು ಹೆಚ್ಚಿತ್ತು. ಅದನ್ನೇ ತಿರುಗಿಸಿ ನೋಡಿ. ಕೊಬ್ಬಿಲ್ಲದೆ ತಿಂದವರಿಗೂ ಡಿ ಸೇರಿತ್ತು, ಸ್ವಲ್ಪ ಕಡಿಮೆ ಅಷ್ಟೇ. "ದಂಡ" ಅನ್ನೋದು ಜಾಸ್ತಿ ಆಯ್ತು. ಚಮಚದ ಮೇಲೆ ಚಮಚ ಸುರಿದರೆ ಇನ್ನೂ ಹೆಚ್ಚುತ್ತೆ ಅಂತ ಆ ಅಧ್ಯಯನ ಹೇಳಿಲ್ಲ.

ಬೆಳಗ್ಗೆ, ರಾತ್ರಿ ವಿಷಯಕ್ಕೆ ಬಂದರೆ, ಲ್ಯಾಬಿನಲ್ಲಿ ಅಳೆಯುವ ಡಿ ರೂಪ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಎರಡು ಮೂರು ವಾರ ಬೇಕು. ಅಷ್ಟು ನಿಧಾನವಾಗಿ ಇಳಿಯುವುದಕ್ಕೆ ಬೆಳಗಿನ ಎಂಟು ಗಂಟೆಯೂ ರಾತ್ರಿಯ ಎಂಟು ಗಂಟೆಯೂ ಒಂದೇ. ಭಾನುವಾರ ಮರೆತರೆ ಸೋಮವಾರ ತಗೊಳ್ಳಿ, ಏನೂ ಆಗಲ್ಲ, ಎರಡನ್ನೂ ಒಟ್ಟಿಗೆ ಮಾತ್ರ ಬೇಡ. ಎ ವಿಟಮಿನ್ನಿನ ಸಿರಪ್ ನೋಡಿ. ಮಕ್ಕಳಿಗೆ ಒಂಬತ್ತು ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರಾರು ತಿಂಗಳಿಗೆ 2 ಲಕ್ಷ. ಮಗು ಊಟ ಮಾಡಿ ಬಂದಿದೆಯಾ ಅಂತ ನೋಡಿ ಯಾರೂ ಕೊಡಲ್ಲ. ಔಷಧಿಯೇ ಎಣ್ಣೆಯಲ್ಲಿದೆ, ಒಮ್ಮೆ ಸೇರಿದರೆ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ.

ನಿವೃತ್ತ ಬ್ಯಾಂಕ್ ಉದ್ಯೋಗಿ, ರಾಜಾಜಿನಗರ

ಸರ್, ಒಳ್ಳೇ ಹೊತ್ತಿಗೆ ಸಿಕ್ಕಿದಿರಿ. ಡಾಕ್ಟರು ನನಗೆ ಎಂಟು ವಾರಕ್ಕೆ ಎಂಟು ಪುಡಿ ಬರೆದುಕೊಟ್ಟಿದ್ದರು. ನಾನು ವಾಕಿಂಗ್ ಹೋಗುವ ಮೊದಲು ನೀರಿನಲ್ಲಿ ಕಲಸಿ ಕುಡಿದೆ. ಪರೀಕ್ಷೆ ಮಾಡಿಸಿದರೆ 14 ಇದ್ದದ್ದು 17 ಆಗಿದೆ. ತುಪ್ಪ ಹಾಕದ್ದಕ್ಕೆ ಹೀಗಾಯ್ತಾ? ಕೆಲವು ವರ್ಷದ ಹಿಂದೆ ಪಿತ್ತಕೋಶ ತೆಗೆಸಿದ್ದೇನೆ, ಅದೂ ಕಾರಣವಾ? ಪದದ ವಿಷಯ ನನಗೆ ಅಷ್ಟು ಗೊತ್ತಿಲ್ಲ.

ಅಚ್ಚಗನ್ನಡ

ಇದು ಪದಚರ್ಚೆ. ಕ್ಲಿನಿಕ್ ಅಲ್ಲ.

ಆಸ್ಪತ್ರೆ ಫಾರ್ಮಸಿಸ್ಟ್, ಜಯನಗರ

ಯಜಮಾನ್ರೇ, ಊಟದ ಜೊತೆ ತೆಗೆದುಕೊಳ್ಳದ್ದು ಸ್ವಲ್ಪ ಕಾರಣ ಇರಬಹುದು. ಆದರೆ ಎಂಟು ಪುಡಿಗೆ ಬರೀ ಮೂರು ಏರಿದೆ ಅಂದರೆ ತುಪ್ಪ ಒಂದೇ ಉತ್ತರ ಅಲ್ಲ. ಖಾಲಿ ಹೊಟ್ಟೆಯಲ್ಲಿ ತಗೊಂಡವರಿಗೂ ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿ ಏರುತ್ತೆ.

ಪಿತ್ತಕೋಶ ಇಲ್ಲದಿದ್ದರೂ ಪಿತ್ತರಸ ಇರುತ್ತೆ. ಅದನ್ನು ಮಾಡುವುದು ಯಕೃತ್ತು, ಪಿತ್ತಕೋಶ ಬರೀ ಕೂಡಿಡುವ ಚೀಲ. ಚೀಲ ಹೋದಮೇಲೆ ರಸ ಸದಾ ಸ್ವಲ್ಪ ಸ್ವಲ್ಪ ಹರಿಯುತ್ತಿರುತ್ತೆ, ಮಾಮೂಲಿ ಊಟಕ್ಕೆ ಹೆಚ್ಚಿನವರಿಗೆ ಸಾಕಾಗುತ್ತೆ. ನಿಜವಾದ ತೊಂದರೆ ಬರುವುದು ಪಿತ್ತನಾಳ ಕಟ್ಟಿಕೊಂಡರೆ, ಮೇದೋಜೀರಕ ಗ್ರಂಥಿ ಕೆಲಸ ಕಡಿಮೆ ಮಾಡಿದರೆ, ಅಥವಾ ತೂಕ ಇಳಿಸಲು ಕರುಳಿನ ದಾರಿ ಬದಲಿಸುವ ಆಪರೇಷನ್ ಆಗಿದ್ದರೆ. ಆಗ ಎಷ್ಟು ತುಪ್ಪ ತಿಂದರೂ ಕೊಬ್ಬೇ ಒಳಗೆ ಹೋಗಲ್ಲ, ಜೊತೆಗೆ ವಿಟಮಿನ್ನೂ ಹೋಗಲ್ಲ. ಮಲ ಮಂಕು ಬಣ್ಣಕ್ಕೆ ತಿರುಗಿ, ಜಿಡ್ಡಾಗಿ, ನಾತ ಹೊಡೆದು, ಫ್ಲಶ್ ಮಾಡಿದರೂ ತೇಲುತ್ತಾ ನಿಂತರೆ ಅದೇ ಗುರುತು. (ಕ್ಷಮಿಸಿ, ಊಟದ ಹೊತ್ತು.) ಹಾಗಿದ್ದರೆ ಇನ್ನೆಂಟು ಪುಡಿ ತಗೊಳ್ಳೋದು ಬಿಟ್ಟು ಡಾಕ್ಟರಿಗೆ ಇದನ್ನು ಹೇಳಿ.

ಇನ್ನೊಂದು ಕೇಳಬೇಕು. ತೂಕ ಇಳಿಸುವ ಮಾತ್ರೆ ಏನಾದರೂ ನಡೀತಿದೆಯಾ?

ನಿವೃತ್ತ ಬ್ಯಾಂಕ್ ಉದ್ಯೋಗಿ, ರಾಜಾಜಿನಗರ

ಮಲದ ತೊಂದರೆ ಏನಿಲ್ಲ. ಮಗಳು ಕೊಟ್ಟ ಒಂದು ಕ್ಯಾಪ್ಸೂಲ್ ಇದೆ, ಊಟಕ್ಕೆ ಒಂದೊಂದು. ಹೆಸರು ಆರ್ಲಿಸ್ಟಾಟ್ ಅಂತ ಬರೆದಿದೆ. ಅದು ಬರೀ ಬೊಜ್ಜಿಗೆ ಅಲ್ವಾ?

ಆಸ್ಪತ್ರೆ ಫಾರ್ಮಸಿಸ್ಟ್, ಜಯನಗರ

ಅದು ಊಟದ ಕೊಬ್ಬು ಜೀರ್ಣವಾಗದಂತೆ ತಡೆಯುವ ಮಾತ್ರೆ. ಕೊಬ್ಬಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಹಾಗೇ ಹೊರಗೆ ಹೋಗುತ್ತೆ, ಈ ವಿಟಮಿನ್ನುಗಳೂ ಅದರ ಹಿಂದೆ ಸ್ವಲ್ಪ ಹೋಗುತ್ತವೆ. ನಿಮ್ಮ ಪುಡಿಗೆ ಇಲ್ಲಿ ಹೊತ್ತು ಮುಖ್ಯವಾಗುತ್ತೆ, ಅದೂ ಉಲ್ಟಾ. ಆ ಮಾತ್ರೆ ನುಂಗಿದ ಊಟದಿಂದ ಕನಿಷ್ಠ ಎರಡು ಗಂಟೆ ದೂರ ಇಡಿ, ರಾತ್ರಿ ಮಲಗುವಾಗ ತಗೊಂಡರೆ ಸುಲಭ. ಆದರೆ ನೀವು ಬೆಳಗ್ಗೆ ವಾಕಿಂಗಿಗೆ ಮೊದಲೇ ಕುಡಿದಿದ್ದೀರಿ, ಅಂದರೆ ದೂರ ಇತ್ತು ಅಂತಾಯ್ತು. ಹಾಗಾಗಿ ಇದೇ ಕಾರಣ ಅಂತ ನಾನು ಇಲ್ಲಿಂದ ಹೇಳೋಕಾಗಲ್ಲ. ಮಾತ್ರೆಯ ಚೀಟಿ, ಎರಡೂ ರಿಪೋರ್ಟು ಹಿಡಿದು ನಿಮ್ಮ ಡಾಕ್ಟರ ಹತ್ತಿರ ಹೋಗಿ.

ಮೇಷ್ಟ್ರು, ಬಸವನಗುಡಿ

ಮೂಲ ಪ್ರಶ್ನೆಗೆ ಬರೋಣ. 1913ರಲ್ಲಿ ಮ್ಯಾಕಲಮ್ ಮತ್ತು ಡೇವಿಸ್ ಬೆಣ್ಣೆ ಮತ್ತು ಮೊಟ್ಟೆಯಿಂದ ತೆಗೆದ ಜಿಡ್ಡನ್ನು ಇಲಿಗಳಿಗೆ ತಿನ್ನಿಸಿ, ಬೆಳವಣಿಗೆ ನಿಂತ ಇಲಿಗಳು ಮತ್ತೆ ಬೆಳೆದದ್ದನ್ನು ನೋಡಿದರು. "ಕೊಬ್ಬಿನಲ್ಲಿ ಕರಗುವ ಎ" ಎಂಬ ಹೆಸರು ಆ ಕೆಲಸದಿಂದ ಬಂದದ್ದು. ಅದು ಪ್ರಯೋಗಾಲಯದ ವರ್ಗೀಕರಣ. ವರ್ಗದ ಹೆಸರಿಗೆ ಶಾಸ್ತ್ರೀಯ ಪದವೇ ಬೇಕು.

ಅಚ್ಚಗನ್ನಡ

ಹಾಗಾದರೆ ಅದು ಪ್ರಯೋಗಾಲಯದಲ್ಲೇ ಇರಲಿ, ಅಂಗಡಿಗೆ ಯಾಕೆ? ಇನ್ನೊಂದು ಮಾತು, "ಜೀವಸತ್ವ" ಕೂಡ ಕನ್ನಡವಲ್ಲ, ಸಂಸ್ಕೃತ.

ಐಟಿ ಉದ್ಯೋಗಿ, ವೈಟ್‌ಫೀಲ್ಡ್

ವಿಟಮಿನ್ ಅಂತಾನೇ ಬರೀರಿ. ನಮ್ಮಜ್ಜಿಗೂ ಅದೇ ಗೊತ್ತು. ಜೀವಸತ್ವ ಅಂದ್ರೆ ಚ್ಯವನಪ್ರಾಶ ಅಂದುಕೊಳ್ತಾರೆ.

ಮೇಷ್ಟ್ರು, ಬಸವನಗುಡಿ

ವಿಟಮಿನ್ ಪದವೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. 1912ರಲ್ಲಿ ಫಂಕ್ ಇವೆಲ್ಲ ಅಮೀನ್ ಎಂಬ ರಾಸಾಯನಿಕ ವರ್ಗದವು ಎಂದು ಭಾವಿಸಿ vitamine ಎಂದು ಹೆಸರಿಟ್ಟ. ಅಲ್ಲ ಎಂದು ಗೊತ್ತಾದಮೇಲೆ 1920ರಲ್ಲಿ ಡ್ರಮಂಡ್ ಕೊನೆಯ e ಅಕ್ಷರ ಕಿತ್ತುಹಾಕಿ ತೇಪೆ ಹಚ್ಚಿದ. ಆ ತೇಪೆಯನ್ನು ನಾವು ಯಾಕೆ ತಲೆ ಮೇಲೆ ಹೊರಬೇಕು?

ಅನುವಾದಕಿ, ಮಲ್ಲೇಶ್ವರ

ಎಲ್ಲರೂ ದಯವಿಟ್ಟು ಕೇಳಿ, ನನಗೆ ಹತ್ತು ಗಂಟೆಗೆ ಫೈಲ್ ಕಳಿಸಬೇಕು. ಈಗ ಹೀಗಿದೆ:

"ವಿಟಮಿನ್ ಎ, ಡಿ, ಇ, ಕೆ: ಊಟದ ಜೊತೆ ಅಥವಾ ಊಟ ಆದ ತಕ್ಷಣ ತೆಗೆದುಕೊಳ್ಳಿ. ಊಟದಲ್ಲಿ ಸ್ವಲ್ಪ ಎಣ್ಣೆ, ತುಪ್ಪ ಅಥವಾ ಹಾಲು ಇರಲಿ. ಬೆಳಗ್ಗೆಯಾದರೂ ರಾತ್ರಿಯಾದರೂ ಸರಿ."

ಕರಗುವುದು ಅನ್ನೋದನ್ನೇ ಬಿಟ್ಟಿದ್ದೇನೆ.

ಆಸ್ಪತ್ರೆ ಫಾರ್ಮಸಿಸ್ಟ್, ಜಯನಗರ

ಚೆನ್ನಾಗಿದೆ. ಎರಡು ತಿದ್ದುಪಡಿ ಮಾಡಿ. ಒಂದು, "60,000 ಯೂನಿಟ್ ಡಿ ವಾರಕ್ಕೊಂದು, ದಿನಾ ಅಲ್ಲ" ಅಂತ ದಪ್ಪ ಅಕ್ಷರದಲ್ಲಿ ಸೇರಿಸಿ. ತುಪ್ಪ ಮರೆತರೆ ಸ್ವಲ್ಪ ಡಿ ಹೋಗುತ್ತೆ ಅಷ್ಟೇ. ವಾರದ ಪುಡಿಯನ್ನು ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಬಾಯಾರಿಕೆ, ಪದೇ ಪದೇ ಮೂತ್ರ, ಕೊನೆಗೆ ಕಿಡ್ನಿಗೂ ಪೆಟ್ಟು. ಎರಡು, ಕೆ ತೆಗೆಯಿರಿ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತಗೊಳ್ಳುವವರು ಬೋರ್ಡ್ ನೋಡಿ ತಾವಾಗಿ ಕೆ ಶುರು ಮಾಡಿದರೆ ಆ ಮಾತ್ರೆಯ ಕೆಲಸವೇ ಕೆಡುತ್ತೆ.

ಅನುವಾದಕಿ, ಮಲ್ಲೇಶ್ವರ

ಎರಡೂ ಮಾಡಿದೆ ಸರ್. ಫೈಲ್ ಹೋಯ್ತು.

ಮೇಷ್ಟ್ರು, ಬಸವನಗುಡಿ

ಮೂಲದಲ್ಲಿ ನಾಲ್ಕಿದ್ದವು, ಬೋರ್ಡಿನಲ್ಲಿ ಮೂರಿವೆ. "ಕರಗುವ" ಸಹ ಇಲ್ಲ. ಇದನ್ನು ಅನುವಾದ ಎಂದು ಕರೆಯಬೇಡಿ.

ಅಚ್ಚಗನ್ನಡ

ಮೇಷ್ಟ್ರೇ, "ಅನುವಾದ"ಕ್ಕೂ ಕನ್ನಡದ ಪದ ಇದೆ. ಬೇರೆ ಎಳೆ ಶುರು ಮಾಡುತ್ತೇನೆ.